ಹತ್ತೂವರೆ ಮದುವೆಗೆ ಬೆಳಗಿನ ಟೈಮ್ ಟೇಬಲ್ ಹಿಂದಿನಿಂದ ಹಾಕಿದ್ದು ಹೀಗೆ

ತಂಗಿ ಮದುವೆ ಬೆಳಗ್ಗೆ ಪೂರ್ತಿ ನನ್ನ ಜವಾಬ್ದಾರಿ ಆಗಿತ್ತು. ಎಷ್ಟೊತ್ತಿಗೆ ಏಳ್ಬೇಕು ಅಂತ ಶುರು ಮಾಡೋದು ಬಿಟ್ಟು, ಮದುವೆ ಶುರುವಾಗೋ 10:30ರಿಂದ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬಂದೆ.

ತಂಗಿ 10:00ಕ್ಕೆ ಹಾಲ್‌ನಲ್ಲಿರ್ಬೇಕು. ದಾರಿ 25 ನಿಮಿಷ (ಇದನ್ನ ಅದೇ ಹೊತ್ತಲ್ಲಿ ಒಂದ್ಸಲ ಗಾಡಿ ಓಡಿಸಿ ನೋಡ್ಬೇಕು, ರಾತ್ರಿ ನೋಡಿದ್ರೆ ಪ್ರಯೋಜನ ಇಲ್ಲ), ಅಂದ್ರೆ 9:35ಕ್ಕೆ ಕಾರು ಹೊರಡ್ಬೇಕು. ಎಲ್ರೂ ಬ್ಯಾಗು ಹುಡುಕಿ, ಚಪ್ಪಲಿ ಹಾಕ್ಕೊಂಡು, ಯಾರು ಯಾವ ಕಾರು ಅಂತ ಹತ್ತೋಕೆ 15 ನಿಮಿಷ, ಇದನ್ನ ಸುಮಾರು ಜನ ಲೆಕ್ಕಕ್ಕೇ ತಗೊಳ್ಳಲ್ಲ. ಹಾಗಾಗಿ 9:20ಕ್ಕೆ ಬಾಗಿಲ ಹತ್ರ. ಮನೇಲಿ ಫೋಟೋಗೆ 20, ಅದಕ್ಕೂ ಮುಂಚೆ 20 ನಿಮಿಷ ಖಾಲಿ ಬಿಟ್ಟೆ. ಬಟ್ಟೆ ಉಡಿಸೋಕೆ 30. ಹಿಂಗೆ ಬಂದ್ರೆ ಮೇಕಪ್ಪು, ಕೂದಲು ಎಲ್ಲಾ 8:10ಕ್ಕೆ ಮುಗೀಬೇಕು, ಅದಕ್ಕೆ ಒಂದೂವರೆ ಗಂಟೆ ಬೇಕು ಅಂತ ಮೇಕಪ್‌ನವರೇ ಹೇಳಿದ್ರು, ಸೋ ತಂಗಿ 6:40ಕ್ಕೆ ಕುರ್ಚೀಲಿ.

ಇಡೀ ಬೆಳಗ್ಗೆ ನಿಂತಿರೋದು ಆ ಒಂದು ಕುರ್ಚಿ ಮೇಲೆ. ಮೇಕಪ್ ಮಾಡೋರು ಒಬ್ರೇ, ಅಮ್ಮಂಗೂ ಅಕ್ಕಂಗೂ ತಲಾ 40 ನಿಮಿಷ. ಇಬ್ರನ್ನೂ ಮೊದ್ಲೇ ಕೂರಿಸಿದ್ರೆ 5:20ಕ್ಕೇ ಶುರು ಮಾಡ್ಬೇಕಿತ್ತು. ಒಬ್ರು ತಂಗಿ ಆದ್ಮೇಲೆ ಕೂತ್ರೆ 6:00 ಸಾಕು. ಯಾರು ಆಮೇಲೆ? ಬಟ್ಟೆ ಉಡಿಸೋದು ಅಕ್ಕ, ಆ ಹೊತ್ತಿಗೆ ಅವಳ ಕೈ ಫ್ರೀ ಇರ್ಬೇಕು, ಅದಕ್ಕೆ ಅಕ್ಕ ಮೊದ್ಲು, ಅಮ್ಮ ಕೊನೆಗೆ 8:10ರಿಂದ 8:50. ಸ್ನಾನಾನೂ ಇದೇ ಸಾಲಲ್ಲಿ, ಕುರ್ಚಿಗಿಂತ ಅರ್ಧ ಗಂಟೆ ಮುಂಚೆ. ತಲೆಸ್ನಾನ ಮಾತ್ರ ಹಿಂದಿನ ದಿನಾನೇ ಮುಗಿಸಿ ಅಂದೆ, ಒದ್ದೆ ಕೂದಲು ಒಣಗಿಸ್ತಾ ಕೂತ್ರೆ ಅದೇ ಕಾಲು ಗಂಟೆ ತಿನ್ನುತ್ತೆ. ಗಂಡಸರ ಸ್ನಾನ ಎಲ್ಲಾ ತಂಗಿ ಕುರ್ಚೀಲಿದ್ದಾಗ.

ಪೂರ್ತಿ ಪಟ್ಟಿ ನನ್ನ ಹತ್ರ ಮಾತ್ರ ಇತ್ತು. ಉಳಿದೋರಿಗೆ ಅವರವರ ಟೈಮು ಒಂದೇ ಮೆಸೇಜ್ ಮಾಡಿದ್ದೆ, "ಅಪ್ಪ, ನಿಮ್ಮ ಸ್ನಾನ 7:00, 9:20ಕ್ಕೆ ಬಾಗಿಲ ಹತ್ರ ಇರಿ" ಅಷ್ಟೇ. ಬೇಗ ಬರ್ಲಿ ಅಂತ ಸುಳ್ಳು ಟೈಮ್ ಹೇಳೋದು ನಂಗೆ ಇಷ್ಟ ಇಲ್ಲ, ಒಂದ್ಸಲ ಗೊತ್ತಾದ್ರೆ ಆಮೇಲೆ ಯಾವ ಟೈಮನ್ನೂ ಯಾರೂ ನಂಬಲ್ಲ.

ಗಡಿಯಾರ ನೋಡ್ಲೇಬೇಕಾದ ಜಾಗ ಎರಡೇ, 6:40 ಮತ್ತೆ 8:10. 8:30ರವರೆಗೆ ಎಳೆದ್ರೆ ಖಾಲಿ ಬಿಟ್ಟ 20 ನಿಮಿಷ ತಡ್ಕೊಳ್ಳುತ್ತೆ, ಅದನ್ನೂ ದಾಟಿದ್ರೆ ಮನೆ ಫೋಟೋ ಕ್ಯಾನ್ಸಲ್, ಮದುವೆ ಆದ್ಮೇಲೆ ತೆಗೆಯೋದು ಅಂತ ಫೋಟೋಗ್ರಾಫರ್‌ಗೂ ತಂಗಿಗೂ ಹಿಂದಿನ ರಾತ್ರೀನೇ ಹೇಳಿ ಒಪ್ಪಿಸಿದ್ದೆ. ಅವತ್ತು ಹೇರ್‌ಪಿನ್ ಜಾರಿ ಜಡೆ ಮತ್ತೆ ಕಟ್ಬೇಕಾಯ್ತು, ತಂಗಿ ಎದ್ದಿದ್ದು 8:25ಕ್ಕೆ, ಅಮ್ಮನ ಮೇಕಪ್ ಮುಗಿದಿದ್ದು 9:05ಕ್ಕೆ. ತಂಗಿ ಒಬ್ಳದ್ದೇ ಫೋಟೋ ಮೊದ್ಲು ತೆಗೆಸಿ ಅಮ್ಮನ್ನ ಆಮೇಲೆ ಸೇರಿಸಿದ್ವಿ, ಕಾರು 9:35ಕ್ಕೇ ಹೊರಡ್ತು.