ಕೇರಳದಲ್ಲಿ ಕನ್ನಡ ಮಹಾಪ್ರಬಂಧ: ಇಂಗ್ಲಿಷ್ ಸಾರಲೇಖದ ಐದನೆಯ ವಿಭಾಗ

ಕರ್ನಾಟಕದಿಂದ ಕೇರಳಕ್ಕೆ ಬಂದು ಕನ್ನಡದಲ್ಲಿ ಪಿಎಚ್.ಡಿ. ಮಾಡುವವರು ಪ್ರಬಂಧದ ಇಂಗ್ಲಿಷ್ ಸಾರಲೇಖದಲ್ಲಿ ಪ್ರತಿವರ್ಷ ಒಂದೇ ಕಡೆ ಎಡವುತ್ತಾರೆ. ನಾನೂ ಅಲ್ಲಿಯೇ ಎಡವಿ ನಾಲ್ಕು ತಿಂಗಳು ಕಳೆದುಕೊಂಡಿದ್ದೆ. ಕಳೆದ ವಾರ ಶಿವಮೊಗ್ಗದ ಹುಡುಗಿಯೊಬ್ಬಳು ವಾಪಸ್ಸು ಬಂದ ತನ್ನ ಸಾರಲೇಖವನ್ನು ತೋರಿಸಿದಾಗ, ಇದನ್ನು ಬರೆದೇ ಬಿಡಬೇಕು ಎನ್ನಿಸಿತು.

ಸಾರಲೇಖದಲ್ಲಿ ನಮ್ಮ ವಿಶ್ವವಿದ್ಯಾಲಯ ಕೇಳುತ್ತಿದ್ದ ವಿಭಾಗಗಳು ಆರು: ಪೀಠಿಕೆ, ಪೂರ್ವ ಅಧ್ಯಯನಗಳ ಸಮೀಕ್ಷೆ, ಉದ್ದೇಶಗಳು, ಅಧ್ಯಯನ ವಿಧಾನ, ಫಲಿತಗಳು, ಅಧ್ಯಾಯ ವಿಭಜನೆ. ನಿಮ್ಮ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹೆಸರು ಬೇರೆ ಇರಬಹುದು, ಕ್ರಮ ಬೇರೆ ಇರಬಹುದು. ಆದರೆ ‘ಫಲಿತಗಳು’ ಮತ್ತು ‘ಅಧ್ಯಾಯ ವಿಭಜನೆ’ ಎರಡೂ ಬೇರೆಬೇರೆಯಾಗಿ ಇದ್ದರೆ ಎಚ್ಚರವಾಗಿರಿ. ಉಳಿದ ನಾಲ್ಕನ್ನು ಮಾರ್ಗದರ್ಶಕರು ಹೇಳಿಕೊಡುತ್ತಾರೆ.

ನನ್ನ ವಿಷಯ ಕಾಸರಗೋಡು ಜಿಲ್ಲೆಯ ಸ್ಥಳನಾಮಗಳು. ಪ್ರಬಂಧದ ಉಪಸಂಹಾರವನ್ನು ಇಂಗ್ಲಿಷಿಗೆ ತಿರುಗಿಸಿ ಐದನೆಯ ವಿಭಾಗಕ್ಕೆ ಹಾಕಿದ್ದೆ. ಅದರ ತುಂಬ ‘ಮೂರನೆಯ ಅಧ್ಯಾಯದಲ್ಲಿ ಹೆಸರುಗಳ ರೂಪಭೇದವನ್ನು ಚರ್ಚಿಸಲಾಗಿದೆ’, ‘ನಾಲ್ಕನೆಯದರಲ್ಲಿ ಭಾಷಾ ಸಂಪರ್ಕವನ್ನು ಪರಿಶೀಲಿಸಲಾಗಿದೆ’ ಎಂಬ ವಾಕ್ಯಗಳೇ. ಕನ್ನಡ ಉಪಸಂಹಾರದಲ್ಲಿ ಇದು ನಡೆಯುತ್ತದೆ, ಏಕೆಂದರೆ ಓದುವವರ ಕೈಯಲ್ಲಿ ಇಡೀ ಪ್ರಬಂಧ ಇರುತ್ತದೆ. ಸಾರಲೇಖ ಹೋಗುವುದು ಇತಿಹಾಸ, ಮಲಯಾಳ, ಭಾಷಾವಿಜ್ಞಾನ ವಿಭಾಗದವರೂ ಇರುವ ಸಮಿತಿಗೆ. ಅವರಲ್ಲಿ ಹಲವರಿಗೆ ಕನ್ನಡ ಬಾರದು. ನಿಮ್ಮ ಐದು ವರ್ಷಗಳ ದುಡಿಮೆಯಲ್ಲಿ ಅವರು ಕಾಣುವುದು ಈ ಕೆಲವು ಪುಟಗಳನ್ನಷ್ಟೇ. ‘ಚರ್ಚಿಸಲಾಗಿದೆ ಸರಿ, ಕೊನೆಗೆ ಏನು ಗೊತ್ತಾಯಿತು?’ ಎಂದು ಅವರು ಕೇಳಿದ್ದು ನ್ಯಾಯವಾಗಿತ್ತು. ತಿದ್ದಿದ ಪ್ರತಿ ಸಿದ್ಧವಾಗುವ ಹೊತ್ತಿಗೆ ಸಮಿತಿಯ ಮುಂದಿನ ಸಭೆಯೂ ಮುಗಿದಿತ್ತು.

ಹೊಸಬರಿಗೆ ನಾನು ಈಗ ಹೇಳುವ ಪರೀಕ್ಷೆ ಇದು. ಐದನೆಯ ವಿಭಾಗದ ಪ್ರತಿ ವಾಕ್ಯದಿಂದ ಅಧ್ಯಾಯದ ಸಂಖ್ಯೆಯನ್ನು ಹೊಡೆದುಹಾಕಿ. ಮೂಲ ಕನ್ನಡ ವಾಕ್ಯ ‘-ಲಾಗಿದೆ’ ಎಂದು ಮುಗಿಯುತ್ತಿದ್ದರೆ ಆ ಕ್ರಿಯಾಪದವನ್ನೂ ಹೊಡೆದುಹಾಕಿ. ಉಳಿದದ್ದನ್ನು ಯಾರಾದರೂ ‘ಇಲ್ಲ, ಹಾಗಲ್ಲ’ ಎಂದು ಅಲ್ಲಗಳೆಯಲು ಸಾಧ್ಯವಿದ್ದರೆ ಅದು ಫಲಿತ. ಅಲ್ಲಗಳೆಯುವಂಥದ್ದು ಏನೂ ಉಳಿಯದಿದ್ದರೆ ಅದು ಆರನೆಯ ವಿಭಾಗದ ಸರಕು.

ನನ್ನ ಮೊದಲ ವಾಕ್ಯದಲ್ಲಿ ಉಳಿದದ್ದು ‘ಹೆಸರುಗಳ ರೂಪಭೇದ’ ಎಂಬ ಎರಡು ಪದ ಮಾತ್ರ. ಪ್ರಬಂಧವನ್ನು ಮತ್ತೆ ತೆರೆದು, ಅಲ್ಲಿ ನಾನು ನಿಜವಾಗಿ ಕಂಡದ್ದೇನು ಎಂದು ನೋಡಿದೆ. ಆಮೇಲೆ ಬರೆದದ್ದರ ತಿರುಳು ಹೀಗಿತ್ತು: ಕನ್ನಡದ ಹೆಸರು ಮಲಯಾಳಕ್ಕೆ ಎರಡು ದಾರಿಯಲ್ಲಿ ಹೋಗುತ್ತದೆ. ಒಂದರಲ್ಲಿ ಹೆಸರಿನ ಕೊನೆ ಮಾತ್ರ ಬದಲಾಗುತ್ತದೆ. ಮಂಜೇಶ್ವರ ಮಂಜೇಶ್ವರಂ ಆಗುತ್ತದೆ, ಕುಂಬಳೆ ಕುಂಬಳ ಆಗುತ್ತದೆ. ಇನ್ನೊಂದರಲ್ಲಿ ಅರ್ಥವೇ ಅನುವಾದವಾಗುತ್ತದೆ. ಹೊಸದುರ್ಗದ ಪಕ್ಕದಲ್ಲೇ ಪುದಿಯಕೋಟ್ಟ ಎಂಬ ಹೆಸರಿದೆ, ಎರಡಕ್ಕೂ ಹೊಸ ಕೋಟೆ ಎಂದೇ ಅರ್ಥ. ಇದನ್ನು ಮಲಯಾಳ ವಿಭಾಗದವರು ಪ್ರಶ್ನಿಸಬಹುದು, ಅನುವಾದವಾದದ್ದು ಯಾವ ದಿಕ್ಕಿಗೆ ಎಂದು ಕೇಳಬಹುದು. ಅವರು ಹಾಗೆ ಕೇಳಿದರು ಕೂಡ. ಆಗಲೇ ನನ್ನ ಕೆಲಸವನ್ನು ಅವರು ಓದಿದ್ದಾರೆ ಎಂದು ನನಗೆ ಅನ್ನಿಸಿದ್ದು.

ಫಲಿತ ಹೀಗೆ ಖಚಿತವಾದರೆ ಅಧ್ಯಯನ ವಿಧಾನದ ವಿಭಾಗವೂ ತಾನಾಗಿ ಸರಿಯಾಗುತ್ತದೆ. ‘ವಿವರಣಾತ್ಮಕ ಮತ್ತು ವಿಶ್ಲೇಷಣಾತ್ಮಕ ವಿಧಾನ’ ಎಂಬ ಸಿದ್ಧವಾಕ್ಯ ಇಲ್ಲಿ ಯಾರನ್ನೂ ಒಪ್ಪಿಸುವುದಿಲ್ಲ. ಯಾವ ತಾಲ್ಲೂಕುಗಳು, ಎಷ್ಟು ಹೆಸರು, 1956ಕ್ಕೆ ಹಿಂದೆ ಈ ನೆಲ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಿನ ದಾಖಲೆಗಳನ್ನು ನೋಡಿದಿರೋ ಇಲ್ಲವೋ, ಊರಿನವರ ಉಚ್ಚಾರವನ್ನು ಕೇಳಿ ಬರೆದುಕೊಂಡಿರೋ ಇಲ್ಲವೋ ಎಂಬುದನ್ನು ಹೇಳಿ. ಹೆಸರುಗಳ ಇಂಗ್ಲಿಷ್ ಬರಹದ ನಿಯಮವೂ ಇಲ್ಲೇ ಬರಬೇಕು. ಸರ್ಕಾರಿ ಫಲಕದಲ್ಲಿ Bekal ಎಂದಿದೆ, ಕನ್ನಡ ರೂಪ Bēkala. ಎರಡನ್ನೂ ಮೊದಲ ಬಾರಿ ಜೊತೆಯಾಗಿ ಕೊಟ್ಟು, ಮುಂದೆ ಒಂದನ್ನೇ ಬಳಸಿ. ಸಂಸ್ಕೃತಕ್ಕಾಗಿ ರೂಪಿಸಿದ ಲಿಪ್ಯಂತರ ಪದ್ಧತಿ ಬೇಡ. ನಮ್ಮ ಎ-ಏ, ಒ-ಓ ವ್ಯತ್ಯಾಸ ಅದರಲ್ಲಿ ಅಳಿಸಿಹೋಗುತ್ತದೆ. ಐಎಸ್ಒ 15919 ಎಂಬ ಲಿಪ್ಯಂತರ ಪದ್ಧತಿ ಅದನ್ನು ಉಳಿಸುತ್ತದೆ.

ಊರಿನಲ್ಲಿ ನಾನು ಕಂಡ ಅಧ್ಯಾಯವಾರು ಕನ್ನಡ ಸಾರಲೇಖಕ್ಕಿಂತ ಫಲಿತವನ್ನು ಬೇರೆಯಾಗಿ ಕೇಳುವ ಈ ಪದ್ಧತಿ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ನಾನು ಏನು ಕಂಡುಕೊಂಡೆ ಎಂಬುದು ನನಗೇ ಸ್ಪಷ್ಟವಾಗಿರಲಿಲ್ಲ ಎಂದು ತಿಳಿದದ್ದು ಇದರಿಂದ. ಆದರೆ ಹಸ್ತಪ್ರತಿ ಸಂಪಾದನೆ ಮಾಡುವವರ ಮೇಲೂ ಇದೇ ಚೌಕಟ್ಟನ್ನು ಹೇರುವುದು ತಪ್ಪು. ಅವರ ಫಲಿತವೆಂದರೆ ಪರಿಷ್ಕೃತ ಪಠ್ಯವೇ. ಅಂಥವರು ಐದನೆಯ ವಿಭಾಗದಲ್ಲಿ ಯಾವ ಪ್ರತಿಗಳು ಒಂದೇ ಮೂಲದಿಂದ ಬಂದಿವೆ, ಯಾವ ಪಾಠವನ್ನು ಏಕೆ ಒಪ್ಪಿಕೊಂಡರು ಎಂಬುದನ್ನು ಎರಡು ಮೂರು ಉದಾಹರಣೆಗಳೊಂದಿಗೆ ಬರೆಯಲಿ.

ಬರೆಯುವಾಗ ಐದನೆಯದನ್ನು ಮೊದಲು ಬರೆಯಿರಿ, ಆಮೇಲೆ ವಿಧಾನ, ಆಮೇಲೆ ಉದ್ದೇಶಗಳು. ಫಲಿತದಲ್ಲಿ ಉತ್ತರ ಸಿಗದ ಉದ್ದೇಶ ಉಳಿದರೆ, ಸಮಿತಿ ಕೇಳುವ ಮೊದಲೇ ಮಾರ್ಗದರ್ಶಕರ ಹತ್ತಿರ ಮಾತಾಡಿ. ಅಧ್ಯಾಯ ವಿಭಜನೆ ಕೊನೆಗೆ, ಒಂದು ಅಧ್ಯಾಯಕ್ಕೆ ಮೂರು ಸಾಲಿನಂತೆ ಸಾಕು.