ಸಮ್ಮಿಲನದ ಲೆಕ್ಕ, ಸ್ಕಾಲರ್‌ಶಿಪ್ ಲೆಕ್ಕ: ಒಂದು ಸಭೆಯ ನಡಾವಳಿ ಬರೆದ ಬಗೆ

ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿಯಾಗಿ ನಾನು ತುಂಬಾ ಯೋಚಿಸಿ ಬರೆದ ನಡಾವಳಿ ಒಂದಿದೆ. ಆ ಸಭೆಯಲ್ಲಿ ಸ್ನೇಹ ಸಮ್ಮಿಲನ ಮತ್ತು ಸ್ಕಾಲರ್‌ಶಿಪ್ ನಿಧಿ, ಎರಡೂ ಒಟ್ಟಿಗೆ ಚರ್ಚೆಗೆ ಬಂದಿದ್ದವು. ಎರಡಕ್ಕೂ ಹಣ ಕೊಡುವವರು ಅದೇ ಜನ, ಕೆಲಸ ಮಾಡುವವರೂ ಅದೇ ಜನ. ಆದರೆ ಸಮ್ಮಿಲನದ ಹಣ ಒಂದೇ ದಿನದಲ್ಲಿ ಖರ್ಚಾಗಿ ಮುಗಿಯುತ್ತದೆ. ನಿಧಿಯ ಹಣ ಒಬ್ಬ ವಿದ್ಯಾರ್ಥಿಯ ಓದು ಮುಗಿಯುವ ತನಕ ಕೊಟ್ಟ ಮಾತು ಉಳಿಸಬೇಕು. ಇವೆರಡು ಒಂದಕ್ಕೊಂದು ಬೆರೆತುಹೋಗದಂತೆ ನೋಡಿಕೊಳ್ಳುವುದೇ ಆ ನಡಾವಳಿಯ ಮುಖ್ಯ ಕೆಲಸವಾಗಿತ್ತು.

ಮೊದಲು ಸಮ್ಮಿಲನದ ಬಜೆಟ್. ಖಜಾಂಚಿ ತಂದಿದ್ದ ಪಟ್ಟಿಯಲ್ಲಿ ಎಲ್ಲ ಖರ್ಚೂ ಒಂದರ ಕೆಳಗೊಂದು ಇತ್ತು. ಅದನ್ನು ಸಭೆಯಲ್ಲೇ ಎರಡು ಭಾಗ ಮಾಡಿಸಿದೆ. ಹಾಲ್ ಬಾಡಿಗೆ, ಮೈಕ್ ಸೆಟ್, ಮುದ್ರಣ ಇವೆಲ್ಲ ಎಷ್ಟು ಜನ ಬಂದರೂ ಬದಲಾಗದ ಖರ್ಚು. ಊಟ, ಬ್ಯಾಡ್ಜ್, ನೆನಪಿನ ಕಾಣಿಕೆ ತಲೆಗೆ ಇಷ್ಟು ಅಂತ ಬೀಳುವ ಖರ್ಚು. ಲೆಕ್ಕ ಸುಲಭವಾಗಲಿ ಅಂತ ಒಬ್ಬರ ಊಟ, ಬ್ಯಾಡ್ಜ್, ಕಾಣಿಕೆ ಎಲ್ಲ ಸೇರಿ 1 ಪಾಲು ಎನ್ನೋಣ. ಆ ಅಳತೆಯಲ್ಲಿ ಬದಲಾಗದ ಖರ್ಚು 120 ಪಾಲು.

150 ಜನ ಬರುತ್ತಾರೆ ಎಂದುಕೊಂಡರೆ ಒಟ್ಟು 270 ಪಾಲು ಬೇಕು. ಅಂದರೆ ತಲೆಗೆ 1.8 ಪಾಲು ಶುಲ್ಕ ಸಾಕು. ಹೆಚ್ಚಿನವರು ಇದಕ್ಕೇ ಒಪ್ಪಿದ್ದರು. ಆದರೆ ಬಂದವರು 100 ಜನ ಮಾತ್ರ ಆದರೆ? ಕೈಗೆ ಬರುವುದು 180, ಖರ್ಚು 220. ಆ 40 ಪಾಲು ಎಲ್ಲಿಂದ ತರುವುದು? ಸಂಘದ ಖಾತೆಯಲ್ಲಿ ಸ್ಕಾಲರ್‌ಶಿಪ್‌ಗೆಂದು ಬಂದ ದೇಣಿಗೆಯೂ ಇದ್ದರೆ, ಯಾರೂ ನಿರ್ಧಾರ ಮಾಡದೆಯೇ ಅದರಿಂದ ಹಣ ಹೋಗಿಬಿಡುತ್ತದೆ. ಹಾಲ್‌ನವರಿಗೆ, ಅಡುಗೆಯವರಿಗೆ ಅವತ್ತೇ ದುಡ್ಡು ಕೊಡಬೇಕು ಅಲ್ವಾ? ವಿದ್ಯಾರ್ಥಿಗೆ ಕೊಡುವುದು ಆಮೇಲೆ ಇದ್ದೇ ಇರುತ್ತದೆ ಅನ್ನಿಸಿಬಿಡುತ್ತದೆ.

ಹಾಗಾಗಿ ಶುಲ್ಕವನ್ನು 100 ಜನರ ಲೆಕ್ಕಕ್ಕೇ ಕಟ್ಟೋಣ ಎಂದು ಸೂಚಿಸಿದೆ. ಆಗ ತಲೆಗೆ 2.2 ಪಾಲು. "ಸ್ವಲ್ಪ ಜಾಸ್ತಿ ಆಯ್ತಲ್ಲ" ಎಂದು ಒಬ್ಬರು ಕೇಳಿದರು. ಉಳಿಕೆ ಎಲ್ಲಿಗೆ ಹೋಗುತ್ತದೆ ಎಂದು ಈಗಲೇ ಬರೆದಿಟ್ಟರೆ ಯಾರಿಗೂ ಬೇಜಾರಾಗುವುದಿಲ್ಲ ಎಂದು ಅಧ್ಯಕ್ಷರು ಹೇಳಿದರು. ನಿರ್ಣಯವನ್ನು ಹೀಗೆ ಬರೆದೆ:

"ಸಮ್ಮಿಲನದ ಶುಲ್ಕ ತಲೆಗೆ 2.2 ಪಾಲು. ಸಮ್ಮಿಲನದ ಹಣಕ್ಕೂ ಸ್ಕಾಲರ್‌ಶಿಪ್ ಹಣಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ. ಸಮ್ಮಿಲನದಲ್ಲಿ ಹಣ ಉಳಿದರೆ ಸ್ಕಾಲರ್‌ಶಿಪ್ ನಿಧಿಗೆ ಹೋಗುತ್ತದೆ. ಕೊರತೆಯಾದರೆ ನಿಧಿಯಿಂದ ತೆಗೆಯುವಂತಿಲ್ಲ. ಸದಸ್ಯರಿಂದ ಪ್ರತ್ಯೇಕವಾಗಿ ಸಂಗ್ರಹಿಸಬೇಕು."

ಅದರ ಕೆಳಗೆ ಸೂಚಿಸಿದವರ ಮತ್ತು ಅನುಮೋದಿಸಿದವರ ಹೆಸರು, ಪರ ಎಷ್ಟು, ವಿರುದ್ಧ ಎಷ್ಟು ಎಂಬುದನ್ನು ಹಾಕಿದೆ. ಯಾರು ಏನು ವಾದ ಮಾಡಿದರು ಎಂದು ಬರೆಯಲಿಲ್ಲ. ಆದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆದೆ: 100 ಜನ ಬಂದರೂ ನಷ್ಟವಾಗಬಾರದು ಎಂಬುದಕ್ಕೆ ಈ ಶುಲ್ಕ. ಮುಂದೆ ಬರುವ ಸಮಿತಿಗೆ ನಿರ್ಣಯಕ್ಕಿಂತ ಈ ಸಾಲೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸ್ಕಾಲರ್‌ಶಿಪ್ ವಿಷಯಕ್ಕೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ವಾಕ್ಯ: "ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ಕೊಡೋಣ." ಕೇಳಲು ಸರಳವಾಗಿದೆ. ಹಾಗೇ ನಡಾವಳಿಗೆ ಇಳಿಸಿದ್ದರೆ ಅದಕ್ಕೆ ಎರಡು ಅರ್ಥ ಬರುತ್ತಿತ್ತು. ಒಬ್ಬ ವಿದ್ಯಾರ್ಥಿಗೆ ಒಂದು ವರ್ಷ ಕೊಟ್ಟು ನಿಲ್ಲಿಸುವುದೋ, ಅಥವಾ ಆರಿಸಿದವರ ಓದು ಮುಗಿಯುವ ತನಕ ಕೊಡುವುದೋ? ಸದಸ್ಯರ ಮನಸ್ಸಿನಲ್ಲಿ ಇದ್ದದ್ದು ಎರಡನೆಯದು. ಕೋರ್ಸು 3 ವರ್ಷದ್ದು. ಒಬ್ಬ ವಿದ್ಯಾರ್ಥಿಗೆ ಒಂದು ವರ್ಷಕ್ಕೆ ಕೊಡುವ ಹಣವನ್ನು 1 ಕಂತು ಎನ್ನೋಣ. ಹಾಗಿದ್ದರೆ ಮೊದಲ ವರ್ಷ 1 ಕಂತು, ಎರಡನೇ ವರ್ಷ 2, ಮೂರನೇ ವರ್ಷದಿಂದ ಪ್ರತಿ ವರ್ಷವೂ 3 ಕಂತು ಬೇಕು. ಯಾಕೆಂದರೆ ಹೊಸಬ ಸೇರುವಾಗ ಹಳೆಯ ಇಬ್ಬರು ಇನ್ನೂ ಓದುತ್ತಿರುತ್ತಾರೆ. ಇಂಥ ನಿಧಿಗಳು ಸಾಮಾನ್ಯವಾಗಿ ತೊಂದರೆಗೆ ಸಿಕ್ಕುವುದು ಮೂರನೇ ವರ್ಷದಲ್ಲೇ. ಮೊದಲ ವರ್ಷದ ಖರ್ಚು ನೋಡಿ ಎಲ್ಲರೂ ನಿರಾಳವಾಗಿರುತ್ತಾರೆ.

ನಮಗೆ ಬರುವ ಭರವಸೆ ಇದ್ದದ್ದು 30 ಕಂತಿಗೆ ಆಗುವಷ್ಟು ಹಣ. ಮೂಲಧನ ಮುಟ್ಟದೆ ಅದರ ಆದಾಯದಲ್ಲೇ ಕೊಡಬೇಕು ಎಂಬುದು ಕೆಲವರ ಆಸೆ. ಬೆಲೆ ಏರಿಕೆಗೂ ಸ್ವಲ್ಪ ಉಳಿಸಿಕೊಂಡು ವರ್ಷಕ್ಕೆ ನೂರಕ್ಕೆ 4ರಷ್ಟು ಮಾತ್ರ ತೆಗೆಯುತ್ತೇವೆ ಎಂದುಕೊಳ್ಳಿ. 30 ಕಂತಿನ ಗಂಟಿನಿಂದ ವರ್ಷಕ್ಕೆ ಬರುವುದು 1.2 ಕಂತು. ಅಂದರೆ 3 ವರ್ಷಕ್ಕೊಮ್ಮೆ ಒಬ್ಬ ವಿದ್ಯಾರ್ಥಿ. ವರ್ಷಕ್ಕೊಬ್ಬ ಹೊಸ ವಿದ್ಯಾರ್ಥಿ ಬೇಕಾದರೆ 75 ಕಂತಿನಷ್ಟು ಮೂಲಧನ ಇರಬೇಕು. ಅದೇ 30 ಕಂತನ್ನು ಖರ್ಚು ಮಾಡುತ್ತಾ ಹೋದರೆ ಬಡ್ಡಿ ಲೆಕ್ಕಕ್ಕೆ ಹಿಡಿಯದೆಯೇ 10 ವಿದ್ಯಾರ್ಥಿಗಳ ಓದು ಮುಗಿಯುತ್ತದೆ.

ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದ ಮೇಲೆ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಖರ್ಚು ಮಾಡುವ ದಾರಿಯನ್ನೇ ಆರಿಸಿದರು. ನನಗೂ ಅದೇ ಸರಿ ಅನ್ನಿಸಿತ್ತು. ನಾನು ಸೇರಿಸಿದ ಷರತ್ತು ಒಂದೇ: "ಹೊಸ ವಿದ್ಯಾರ್ಥಿಯನ್ನು ಆರಿಸುವ ದಿನ, ಈಗಾಗಲೇ ಓದುತ್ತಿರುವವರ ಬಾಕಿ ಕಂತುಗಳನ್ನು ಬಿಟ್ಟು, ಇನ್ನೂ 3 ಕಂತಿನ ಹಣ ಖಾತೆಯಲ್ಲಿ ಇರಬೇಕು. ಕೊಡುತ್ತೇನೆ ಎಂದ ಹಣ ಈ ಲೆಕ್ಕಕ್ಕೆ ಬರುವುದಿಲ್ಲ, ಕೈಗೆ ಬಂದ ಹಣ ಮಾತ್ರ." ದಾನಿಗಳು ಒಳ್ಳೆಯ ಮನಸ್ಸಿನಿಂದಲೇ ಮಾತು ಕೊಡುತ್ತಾರೆ. ಆದರೂ ಮಧ್ಯದಲ್ಲಿ ಕೈಬಿಟ್ಟರೆ ಕಷ್ಟಕ್ಕೆ ಸಿಕ್ಕುವುದು ಓದುತ್ತಿರುವ ಹುಡುಗಿ ಅಥವಾ ಹುಡುಗ. ಆಯ್ಕೆ ಸಮಿತಿಯಲ್ಲಿ ಇರುವವರ ಸಂಬಂಧಿಕರು ಅರ್ಜಿ ಹಾಕಿದರೆ ಆ ಸದಸ್ಯರು ಆ ವರ್ಷ ಸಮಿತಿಯಿಂದ ಹೊರಗಿರಬೇಕು ಎಂಬುದನ್ನೂ ಅಲ್ಲೇ ದಾಖಲಿಸಿದೆ.

ಸ್ವಯಂಸೇವಕರ ಕೆಲಸ ಹಂಚುವಾಗ "ಊಟದ ವ್ಯವಸ್ಥೆ ನಾವೆಲ್ಲ ಸೇರಿ ನೋಡ್ಕೋತೀವಿ" ಎಂಬ ಉತ್ಸಾಹದ ಮಾತು ಬಂತು. ಅದನ್ನು ನಾನು ಬರೆದುಕೊಳ್ಳಲಿಲ್ಲ. ಪ್ರತಿ ಕೆಲಸಕ್ಕೂ ಒಂದೇ ಹೆಸರು, ಅವರಿಗೆ ಆಗದಿದ್ದರೆ ಮಾಡುವ ಇನ್ನೊಬ್ಬರ ಹೆಸರು, ಒಂದು ದಿನಾಂಕ, ಖರ್ಚಿನ ಮಿತಿ, ಕೆಲಸ ಮುಗಿದದ್ದಕ್ಕೆ ಏನು ಗುರುತು ಎಂದು ಕೇಳುತ್ತಾ ಹೋದೆ. ಊಟದ ಸಾಲು ಕೊನೆಗೆ ಹೀಗಾಯಿತು: "ಸಮ್ಮಿಲನಕ್ಕೆ 7 ದಿನ ಮುಂಚೆ, ಹಣ ಕಟ್ಟಿದವರ ಸಂಖ್ಯೆಯನ್ನು ಅಡುಗೆ ಗುತ್ತಿಗೆದಾರರಿಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಖಜಾಂಚಿಗೆ ಕೊಡುವುದು." ಬರುತ್ತೇವೆ ಎಂದು ಬಾಯಲ್ಲಿ ಹೇಳಿದವರ ಸಂಖ್ಯೆ ಅಲ್ಲ, ಹಣ ಕಟ್ಟಿದವರ ಸಂಖ್ಯೆ. ನೋಂದಣಿಯ ಕೊನೆಯ ದಿನವನ್ನು ಅದಕ್ಕೂ 3 ದಿನ ಹಿಂದಕ್ಕೆ ಇಟ್ಟೆವು. ಇಲ್ಲದಿದ್ದರೆ ಈ ಕೆಲಸ ಒಪ್ಪಿಕೊಂಡವರು ಸಂಖ್ಯೆ ಇಲ್ಲದೆ ಕೂರಬೇಕಾಗುತ್ತಿತ್ತು. ಉಳಿದ ಕೆಲಸಗಳೂ ಇದೇ ರೀತಿಯಲ್ಲಿ ಒಂದು ಪುಟದ ಪಟ್ಟಿಯಾದವು.

ಕರಡನ್ನು ಸಭೆ ಮುಗಿದ ಎರಡು ದಿನದೊಳಗೆ, ಎಲ್ಲರಿಗೂ ಮಾತು ನೆನಪಿರುವಾಗಲೇ, ಕಳಿಸಿಬಿಟ್ಟೆ. ಇಬ್ಬರು ತಿದ್ದುಪಡಿ ಹೇಳಿದರು. ಕರಡನ್ನು ಸದ್ದಿಲ್ಲದೆ ಬದಲಿಸದೆ, ಮುಂದಿನ ಸಭೆಯಲ್ಲಿ ಆ ತಿದ್ದುಪಡಿಗಳನ್ನು ಓದಿ, ಒಪ್ಪಿಗೆ ಪಡೆದು, ಅಧ್ಯಕ್ಷರ ಸಹಿ ಹಾಕಿಸಿದೆ.

ಸಮ್ಮಿಲನಕ್ಕೆ ಬಂದವರು 120 ಜನ. ಸಂಗ್ರಹ 264 ಪಾಲು, ಖರ್ಚು 240. ಉಳಿದ 24 ಪಾಲನ್ನು ಏನು ಮಾಡುವುದು ಎಂದು ಯಾರೂ ಕೇಳಬೇಕಾಗಲಿಲ್ಲ. ಖಜಾಂಚಿ ನಡಾವಳಿಯ ಆ ನಿರ್ಣಯದ ಸಂಖ್ಯೆ ನಮೂದಿಸಿ ಹಣವನ್ನು ನಿಧಿಯ ಖಾತೆಗೆ ಹಾಕಿದರು.