ಪ್ರೆಸ್ ಮಾರುವ ಮುಂಚೆ ಲಾಭವನ್ನು ಇನ್ನೊಮ್ಮೆ ಎಣಿಸಿ

ಗದಗದಲ್ಲಿ ನಮ್ಮ ಪರಿಚಯದವರೊಬ್ಬರು ಆಫ್‌ಸೆಟ್ ಪ್ರೆಸ್ ಮಾರಲು ಹೊರಟಿದ್ದರು. ವರ್ಷಕ್ಕೆ 9 ಲಕ್ಷ ಲಾಭ, ಅದಕ್ಕೇ 27 ಲಕ್ಷ ಕೊಡಿ ಅಂತ ಅವರ ಲೆಕ್ಕ.

ಕೂತು ನೋಡಿದೆವು. ಬೆಳಿಗ್ಗೆಯಿಂದ ರಾತ್ರಿವರೆಗೆ ಮಷಿನ್ ಮುಂದೆ ನಿಲ್ಲುವವರು ಅವರೇ, ಆದರೆ ಸಂಬಳ ಬರೆದುಕೊಂಡಿಲ್ಲ. ಕೊಂಡವರು ಆ ಜಾಗಕ್ಕೆ ಆಳು ಇಡಬೇಕಲ್ವಾ? ತಿಂಗಳಿಗೆ 30 ಸಾವಿರ ಅಂದರೂ ವರ್ಷಕ್ಕೆ 3.6 ಲಕ್ಷ. ಕಟ್ಟಡ ಸ್ವಂತದ್ದು, ಅದನ್ನು ಮಾರುತ್ತಿಲ್ಲ. ಬಾಡಿಗೆ 10 ಸಾವಿರ ಹಿಡಿದರೆ 1.2 ಲಕ್ಷ. ಉಳಿದದ್ದು 4.2 ಲಕ್ಷ. ಅದರ ಎರಡರಿಂದ ಮೂರು ಪಟ್ಟು, ಅಂದರೆ ಸುಮಾರು 8.4ರಿಂದ 12.6 ಲಕ್ಷದಲ್ಲಿ ಮಾತು ಶುರು ಮಾಡಬಹುದು. ಹಳೇ ಮಷಿನ್‌ಗಳನ್ನು ಬಿಡಿಯಾಗಿ ಮಾರಿದರೆ ಎಷ್ಟು ಬರುತ್ತೆ ಅಂತ ಡೀಲರ್ ಹತ್ತಿರ ಕೇಳಿಡಿ. ಅದು ಇದಕ್ಕಿಂತ ಜಾಸ್ತಿ ಬಂದರೆ ವ್ಯಾಪಾರದ ಹೆಸರಲ್ಲಿ ಮಾರುವುದೇ ನಷ್ಟ. ಕಾಗದದ ಸ್ಟಾಕು, ಬರಬೇಕಾದ ಬಾಕಿ ಬೇರೆ ಲೆಕ್ಕ.

ಕೊಳ್ಳುವವರು ಮೊದಲು ಕೇಳುವುದು, 'ನೀವು ಹೋದ ಮೇಲೆ ಗಿರಾಕಿ ಉಳಿಯುತ್ತಾರಾ?' ಅಂತ. ಇವರ ಕೆಲಸದಲ್ಲಿ ಅರ್ಧದಷ್ಟು ಒಂದೇ ಶಾಲೆಯ ನೋಟ್‌ಬುಕ್, ಪ್ರಶ್ನೆಪತ್ರಿಕೆ. ಮುಚ್ಚಿಡಬೇಡಿ ಅಂದೆ. ಜಿಎಸ್‌ಟಿ ರಿಟರ್ನ್ ಮತ್ತು ಬಿಲ್ ಪುಸ್ತಕ ತೆಗೆದರೆ ಸುಮ್ನೆ ಗೊತ್ತಾಗುತ್ತೆ. ಬದಲಿಗೆ, 'ಮೂರು ತಿಂಗಳು ಜೊತೆಗಿದ್ದು ಗಿರಾಕಿಗಳನ್ನು ಪರಿಚಯಿಸುತ್ತೇನೆ, ಕಾಲು ಭಾಗ ದುಡ್ಡು ಆಮೇಲೆ ಕೊಡಿ' ಅನ್ನಿ. ಆ ಶಾಲೆ ಕೈಬಿಟ್ಟರೆ ಎಷ್ಟು ಕಡಿಮೆ ಅನ್ನುವುದನ್ನೂ ಕರಾರಿನಲ್ಲಿ ಬರೆಸಿ.